ಬೇಕಿದ್ದರೆ ಎಸ್

ಅಜ್ಜಿ ಇಂಗ್ಲಿಷ್ ಕಲಿತುಬಿಟ್ಟರೆ ನಾನು ಸಿಕ್ಕಿಬೀಳುತ್ತೇನೆ. ಈ ವಾಕ್ಯವನ್ನು ಫೆಬ್ರವರಿಯ ಒಂದು ಭಾನುವಾರ ಡೈರಿಯಲ್ಲಿ ಬರೆದೆ. ಓದಿ ನೋಡಿದರೆ ನಾಚಿಕೆಯಾಯಿತು. ಹೊಡೆದುಹಾಕಿದೆ. ಆಮೇಲೂ ಅದು ಚೆನ್ನಾಗಿಯೇ ಓದಿಸಿಕೊಳ್ಳುತ್ತಿತ್ತು.

ನನ್ನ ಸೋದರತ್ತೆ ವಿಂಧ್ಯಾ ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವರ ಗಂಡ ದಾಮೋದರ ಮಾಮ ಕೇರಳದವರು. ಅತ್ತೆಯ ಕನ್ನಡ, ಮಾಮನ ಮಲಯಾಳಂ ಎರಡೂ ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಮನೆಯಲ್ಲಿ ಇಂಗ್ಲಿಷ್ ಉಳಿಯಿತು. ಮಕ್ಕಳಿಬ್ಬರು, ಹನ್ನೆರಡರ ಚಿನ್ಮಯಿ ಮತ್ತು ಒಂಬತ್ತರ ಅಮೋಘ್. ಪ್ರತಿ ಭಾನುವಾರ ನಮ್ಮ ಬೆಳಗಿನ ಹತ್ತೂವರೆಗೆ, ಅಂದರೆ ಅಲ್ಲಿ ಸಂಜೆ, ವಿಡಿಯೋ ಕಾಲ್. ಆ ಹೊತ್ತಿಗೆ ಅತ್ತೆಗೆ ಡ್ಯೂಟಿ. ಮಾಮ ಫೋನನ್ನು ಹಣ್ಣಿನ ಬುಟ್ಟಿಗೆ ಒರಗಿಸಿಟ್ಟು ಅಡುಗೆಮನೆಗೆ ಹೋಗುತ್ತಾರೆ. ಇತ್ತ ಸೂರತ್ತಿನ ಅಡಾಜಣ್‌ನ ನಮ್ಮ ಫ್ಲ್ಯಾಟಿನಲ್ಲಿ ಅಜ್ಜಿ ಇಳಕಲ್ ಸೀರೆ ಉಟ್ಟು ಸೋಫಾದಲ್ಲಿ ಕೂಡುತ್ತಾರೆ. ನಡುವೆ ದುಭಾಷಿಯಾಗಿ ನಾನು. ಪದವಿ ಮುಗಿಸಿ ಮನೆಯಲ್ಲಿದ್ದೆ. ಕೆಲಸ ಸಿಗುವ ತನಕ ಎಂದು ಈ ಕೆಲಸ ಕೊಟ್ಟರು. ಎರಡು ವರ್ಷವಾಯಿತು.

ಒಂದು ಬಾಯಿಂದ ಬಂದ ಒರಟು ಮಾತನ್ನು ಇನ್ನೊಂದು ಕಿವಿಗೆ ಹಾಕಲು ನನ್ನಿಂದ ಆಗುವುದಿಲ್ಲ. ನನ್ನದೇ ಮಾತನ್ನು ಹೇಳಲು ಆಗುವುದಿಲ್ಲ, ಬೇರೆಯವರದು ಎಲ್ಲಿಂದ? ಅಮೋಘ್ "ಕ್ಯಾನ್ ಐ ಗೋ ನೌ?" ಎಂದರೆ ನಾನು, "ನಿನ್ನ ಮೊಣಕಾಲು ನೋವು ಹೆಂಗದ ಅಂತ ಕೇಳ್ಲಿಕ್ಕೆಹತ್ತಾನ" ಎನ್ನುತ್ತಿದ್ದೆ. ಅಜ್ಜಿ, "ಆ ಹುಡುಗಿ ಯಾಕ ತಲಿ ಕೆದರಿಕೊಂಡು ಕೂತಾಳ, ಮನ್ಯಾಗ ಹಣಿಗಿ ಇಲ್ಲೇನು?" ಎಂದರೆ, ಚಿನ್ಮಯಿಗೆ ನಿನ್ನ ಕೂದಲು ಎಷ್ಟು ಚಂದ ಎನ್ನುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಹೀಗೆ ಅಜ್ಜಿಯ ಪಾಲಿಗೆ ಮೊಮ್ಮಕ್ಕಳು ಮೊಣಕಾಲಿನ ಬಗ್ಗೆ ಅತಿ ಕಾಳಜಿಯುಳ್ಳವರಾದರು. ಮಕ್ಕಳ ಪಾಲಿಗೆ ಅಜ್ಜಿ ಯಾರ ಮೇಲೂ ಸಿಟ್ಟು ಮಾಡದ, ಹೀಗಾಗಿ ಯಾವ ಸ್ವಾರಸ್ಯವೂ ಇಲ್ಲದ ಮುದುಕಿಯಾದರು.

ಒಮ್ಮೆ ಅಮೋಘ್ ಸ್ಪಷ್ಟವಾಗಿ, "ದಿಸ್ ಇಸ್ ಸೋ ಬೋರಿಂಗ್" ಅಂದ.

"ಬೋರಿಂಗ್ ಅಂದ್ನಲ್ಲ," ಅಜ್ಜಿ ನನ್ನ ಕಡೆ ತಿರುಗಿದರು. "ನೀರಿನ ತ್ರಾಸ ಅದ ಏನು ಅವರಿಗೆ?"

ಧಾರವಾಡದ ನಮ್ಮ ಓಣಿಯಲ್ಲಿ ಬೋರಿಂಗ್ ಅಂದರೆ ಕೈಪಂಪು.

"ಹೂಂ, ಸ್ವಲ್ಪ ಅದ," ಅಂದೆ.

"ಸುತ್ತ ಸಮುದ್ರ ಅಂತಾರ?"

"ಅದು ಉಪ್ಪುನೀರು, ಅಜ್ಜಿ."

ಫೆಬ್ರವರಿಯಲ್ಲಿ ನನ್ನ ಗಂಟಲು ಕಟ್ಟಿತು. ಒಂದಕ್ಷರ ಹೊರಡುತ್ತಿರಲಿಲ್ಲ. ಆ ಭಾನುವಾರ ಅಜ್ಜಿ ಮತ್ತು ಮಕ್ಕಳು ಹನ್ನೊಂದು ನಿಮಿಷ ಒಬ್ಬರನ್ನೊಬ್ಬರು ನೋಡಿದರು. ಆರನೆಯ ನಿಮಿಷಕ್ಕೆ ಅಜ್ಜಿ ಎದ್ದುಹೋಗಿ ಒಂದು ಬದನೆಕಾಯಿ ತಂದು ತೋರಿಸಿದರು. ಅಮೋಘ್ ಒಂದು ಶೂ ತೋರಿಸಿದ. ಫೋನ್ ಇಟ್ಟ ಮೇಲೆ ಅಜ್ಜಿ ಅಂದರು: "ಎಪ್ಪತ್ತೊಂದು ವರ್ಷಕ್ಕ ನಾ ಮೊಮ್ಮಗಗ ಬದನಿಕಾಯಿ ತೋರಿಸೋ ಹಂಗಾತು. ನಾಳಿಂದ ಇಂಗ್ಲಿಷ್ ಕಲೀತೀನಿ."

ನಾನು ಕಲಿಸುತ್ತೇನೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. "ನೀ ಕನ್ನಡದಾಗ ಮಾತಾಡೂದು ಮೊದಲ ಕಲಿ," ಅಂದರು.

ನಮ್ಮ ಸೊಸೈಟಿಯ ಎದುರಿಗೆ, ಫರಸಾಣ ಎಂಬ ಕುರುಕಲು ತಿಂಡಿಯ ಅಂಗಡಿಯ ಮೇಲಿನ ಮಹಡಿಯಲ್ಲಿ ಅಮೃತ್ ಸರ್ ಅವರ ಕ್ಲಾಸು. ಅದು ನಿಜವಾಗಿ ವೀಸಾ ಇಂಟರ್‌ವ್ಯೂ ಕ್ಲಾಸು. ಮಗಳ ಬಾಣಂತನಕ್ಕೆ, ಮಗನ ಗೃಹಪ್ರವೇಶಕ್ಕೆ ಹೊರಟ ಗುಜರಾತಿ ಅಜ್ಜಿಯರು ಅಲ್ಲಿಗೆ ಬರುತ್ತಾರೆ. ಬೋರ್ಡಿನ ಎಡಗಡೆ ಆಫೀಸರ್ ಕೇಳುವ ಪ್ರಶ್ನೆ, ಬಲಗಡೆ ನಮ್ಮ ಉತ್ತರ, ಎರಡೂ ಗುಜರಾತಿ ಲಿಪಿಯಲ್ಲಿ. ಅರ್ಥ ಗುಜರಾತಿಯಲ್ಲಿ. ಹನ್ನೊಂದು ವರ್ಷ ತರಕಾರಿ ಕೊಂಡು ಕಲಿತ ಗುಜರಾತಿಯಲ್ಲಿ ಅಜ್ಜಿ ಅರ್ಥ ಹಿಡಿದು, ಇಂಗ್ಲಿಷನ್ನು ಕನ್ನಡದಲ್ಲಿ ಬರೆದುಕೊಂಡರು.

"ಇಂದಿರಾಬೆನ್, ತಮೆ ಕ್ಯಾರೆ ಜವಾನಾ?" ಯಾವಾಗ ಹೋಗುತ್ತೀರಿ ಎಂದು ಸರ್ ಮೊದಲ ದಿನವೇ ಕೇಳಿದರಂತೆ. ಎಲ್ಲಿಗೂ ಇಲ್ಲ ಎಂದರಂತೆ ಅಜ್ಜಿ. ಸರ್ ಸ್ವಲ್ಪ ಹೊತ್ತು ಯೋಚಿಸಿ, ಇರಲಿ, ಆದರೆ ಸಿಲೆಬಸ್ ಮಾತ್ರ ಇದೇ ಅಂದರಂತೆ.

ಸಂಜೆ ನಾನು ಹೋಮ್‌ವರ್ಕ್ ನೋಡಬೇಕಿತ್ತು. ಅಜ್ಜಿಯ ಇಂಗ್ಲಿಷಿನಲ್ಲಿ ಕ್ರಿಯಾಪದ ಕೊನೆಯಲ್ಲೇ ಬಂದು ಕೂಡುತ್ತಿತ್ತು: ಐ ಟೀ ಡ್ರಿಂಕ್. ಪ್ರಶ್ನೆ ಮಾಡಲು ಡು ಮೊದಲು ಬರಬೇಕೆಂದರೆ ಅವರಿಗೆ ಒಪ್ಪಿಗೆಯಿಲ್ಲ. ಬಾಲಕ್ಕೊಂದು 'ಆ' ಹಚ್ಚಿದರೆ ಆಯಿತಲ್ಲ? ಯು ಆರ್ ಈಟಿಂಗಾ? ಎಗ್ ಎನ್ನುವುದು ಯೆಗ್, ಓನ್ಲಿ ಎನ್ನುವುದು ವೋನ್ಲಿ.

"ಈ 'ದಿ' ಎಲ್ಲೆಲ್ಲಿ ಹಾಕೂದು?"

ನಾನು ವ್ಯಾಕರಣದ ಪುಸ್ತಕ ತಿರುವತೊಡಗಿದೆ.

"ಉಪ್ಪಿನ ಹಂಗ ನೋಡಿಕೊಂಡು ಹಾಕ್ತೀನಿ ಬಿಡು," ಅಂದರು.

ಅಮೃತ್ ಸರ್ ಅತಿ ಹೆಚ್ಚು ಒತ್ತಿ ಹೇಳಿದ್ದು ಒಂದೇ ನಿಯಮ. ಆಫೀಸರ್ ಮುಂದೆ ಕಥೆ ಹೇಳಬೇಡಿ. ಎಸ್, ಇಲ್ಲವೇ ನೋ. ಜೊತೆಗೆ ಥ್ಯಾಂಕ್ ಯೂ. ಜಾಸ್ತಿ ಮಾತಾಡಿದವರ ವೀಸಾ ಹೋಯಿತೆಂದೇ ತಿಳಿಯಿರಿ. ಅಜ್ಜಿ ಇದನ್ನು ಎರಡು ಬಣ್ಣದಲ್ಲಿ ಬರೆದುಕೊಂಡಿದ್ದರು.

ಮೂರನೆಯ ತಿಂಗಳು ಒಂದು ದಿನ ಕ್ಲಾಸಿನಿಂದ ಬಂದವರು ಚಪ್ಪಲಿ ಬಿಡುತ್ತಾ, "ಬೋರಿಂಗ್ ಅಂದ್ರ ಬ್ಯಾಸರ ಅಂತ. ಸರ್ ಹೇಳಿದ್ರು," ಅಂದರು.

ನಾನು ಬಟ್ಟೆ ಮಡಚುತ್ತಿದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

"ಅಲ್ಲೆ ನೀರಿಗೂ ಬ್ಯಾಸರ ಬಂದದ ಏನೋ," ಎಂದು ಅಜ್ಜಿ ಒಳಗೆ ಹೋದರು.

ಆ ಭಾನುವಾರ ಅವರು ಕನ್ನಡಕ ಏರಿಸಿ, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಅಮೋಘ್‌ನನ್ನು ನೇರ ಕೇಳಿದರು: "ವಾಟ್ ಇಜ್ ದಿ ಪರ್ಪಜ್ ಆಫ್ ಯುವರ್ ವಿಜಿಟ್?"

ಅಮೋಘ್ ಆಟ ನಿಲ್ಲಿಸಿ ಪರದೆಯ ಹತ್ತಿರ ಬಂದ. ವಿಷಯ ಏನೆಂದು ಗೊತ್ತಾಗದಿದ್ದರೂ ಇದು ಮೊಣಕಾಲಿನ ವಿಷಯವಲ್ಲ ಎಂದು ಗೊತ್ತಾಗಿತ್ತು. "ಹಾಲಿಡೇ," ಅಂದ.

"ಹೌ ಲಾಂಗ್ ಯು ವಿಲ್ ಸ್ಟೇ?"

"ಅ ಹಂಡ್ರೆಡ್ ಇಯರ್ಸ್."

"ಹೂ ಈಜ್ ಸ್ಪಾನ್ಸರಿಂಗ್ ಯೂ?"

"ಮೈ ಮಮ್."

"ಥ್ಯಾಂಕ್ ಯೂ. ನೆಕ್ಸ್ಟ್!"

ಚಿನ್ಮಯಿ ಓಡಿ ಬಂದು ಸಾಲಿನಲ್ಲಿ ನಿಂತಳು. ಎರಡು ವರ್ಷದಲ್ಲಿ ಆ ಮಕ್ಕಳು ನಕ್ಕದ್ದನ್ನು ನಾನು ಅವತ್ತು ಮೊದಲು ಕೇಳಿದೆ. ನನ್ನ ಕಡೆ ಯಾರೂ ನೋಡಲಿಲ್ಲ. ಸಂತೋಷವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ.

ಸೆಪ್ಟೆಂಬರಿನಲ್ಲಿ ಅಜ್ಜಿ, "ಇವತ್ತು ನೀ ಒಳಗ ಕೂಡು. ನಾ ಒಬ್ಬಾಕೆನ ಮಾತಾಡ್ತೀನಿ," ಅಂದರು. ನಾನು ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತೆ. ಎಲ್ಲವೂ ಕೇಳಿಸುತ್ತಿತ್ತು.

ಡಿಸೆಂಬರಿನಲ್ಲಿ ನಾವು ಸೂರತ್ತಿಗೆ ಬರಬಹುದು ಎಂದ ಅಮೋಘ್. ಅವನ ಬಾಯಲ್ಲಿ ಅದು ಡಿಸಿಂಬರ್. ಅಜ್ಜಿ ಎರಡು ಸಲ ಕೇಳಿ ಹಿಡಿದರು. ಹಿಡಿದ ಸಂಭ್ರಮಕ್ಕೆ ಸಿಲೆಬಸ್ ಪೂರ್ತಿ ಹೊರಬಂತು. ವೈ ಯು ಆರ್ ಕಮಿಂಗ್? ವೇರ್ ಯು ವಿಲ್ ಸ್ಟೇ? ಹ್ಯಾವ್ ಯು ರಿಟರ್ನ್ ಟಿಕೆಟ್?

ಆಮೇಲೆ ಅಮೋಘ್ ಸಣ್ಣ ದನಿಯಲ್ಲಿ ಕೇಳಿದ. "ಡೋಂಟ್ ಯು ವಾಂಟ್ ಅಸ್ ಟು ಕಮ್?"

"ನೋ," ಅಂದರು ಅಜ್ಜಿ, ಗಟ್ಟಿಯಾಗಿ. "ನೋ, ನೋ. ಥ್ಯಾಂಕ್ ಯೂ."

ಕೈಯಲ್ಲಿ ಮೆಂತ್ಯೆಯ ಕಡ್ಡಿ ಹಿಡಿದು ನಾನು ಹಾಗೇ ಕೂತಿದ್ದೆ. ನಾವು ಬರೋದು ನಿನಗ ಬ್ಯಾಡೇನು ಎಂದು ಯಾರಾದರೂ ಕೇಳಿದರೆ, ಬರಲಿ ಎನ್ನುವವರು ನಮ್ಮಲ್ಲಿ 'ಇಲ್ಲ ಇಲ್ಲ' ಎನ್ನುತ್ತಾರೆ. ಕೇಳಿದವರ 'ಬ್ಯಾಡ'ವನ್ನೇ ಇಲ್ಲವೆನ್ನುತ್ತಾರೆ. ಇಂಗ್ಲಿಷ್ ಹಾಗಲ್ಲ. ಪ್ರಶ್ನೆ ಹೇಗೇ ಇರಲಿ, ಬೇಕಿದ್ದರೆ ಎಸ್, ಬೇಡದಿದ್ದರೆ ನೋ. ಇದನ್ನು ಅಮೃತ್ ಸರ್ ಕಲಿಸಿರಲಿಲ್ಲ; ಆಫೀಸರ್ ಹಾಗೆ ಕೇಳುವುದಿಲ್ಲ. ನಾನು ಕಲಿಸಬಹುದಿತ್ತು. ಆಗ ಎದ್ದು ಹೋಗಿ ಹೇಳಲೂಬಹುದಿತ್ತು. ಏಳುವ ಹೊತ್ತಿಗೆ ಕಾಲ್ ಮುಗಿದಿತ್ತು.

"ನೋಡಿದಿ?" ಅಜ್ಜಿ ಬಾಗಿಲಲ್ಲಿ ನಿಂತಿದ್ದರು. "ನಿನ್ನ ಬಿಟ್ಟು ಮಾತಾಡಿದೆ. ಖುಷಿಲೆ ಮಾತ ಬರಲಿಲ್ಲ ಹುಡುಗಗ."

ಮಾರನೆಯ ದಿನ ವಿಂಧ್ಯತ್ತೆ ಫೋನ್ ಮಾಡಿದರು. ಮಕ್ಕಳು ಬರೋದು ಬ್ಯಾಡ ಅಂದೀಯಂತ, ಅವ್ವಾ? ಅಮೋಘ್ ರಾತ್ರಿ ಊಟ ಮಾಡಿಲ್ಲ. ಅಜ್ಜಿ ಸಿಡಿದರು. "ನಾ ಎಲ್ಲೆ ಬ್ಯಾಡ ಅಂದೆ? ಬ್ಯಾಡೇನು ಅಂದಾ, ನೋ ಅಂದೆ!" ಅತ್ತೆಗೆ ಒಂದೇ ಕ್ಷಣದಲ್ಲಿ ತಿಳಿಯಿತು. ಮಗನಿಗೆ ತಿಳಿಹೇಳಿದರು ಕೂಡ. ಅವನು ಒಪ್ಪಲಿಲ್ಲ. ನಾನೇ ಕೇಳಿಸಿಕೊಂಡೆ, ಮೂರು ಸಲ ನೋ ಅಂದರು, ನನಗೆ ಇಂಗ್ಲಿಷ್ ಬರುತ್ತದೆ ಎಂದು ಹಟ. ಟಿಕೆಟ್ ಈ ವಾರ ಮಾಡಿಸಬೇಕು, ಅವನು ಬರುವುದಿಲ್ಲ ಎಂದರೆ ಎಳೆದುಕೊಂಡು ಬರುವುದು ನನ್ನಿಂದ ಆಗದು ಎಂದರು ಅತ್ತೆ.

ಅಜ್ಜಿ ಅವತ್ತು ಕ್ಲಾಸಿಗೆ ಹೋಗಲಿಲ್ಲ. ನೋಟ್‌ಬುಕ್ಕಿನಲ್ಲಿ 'ನೋ' ಇದ್ದ ಪುಟ ತೆಗೆದು ಬಹಳ ಹೊತ್ತು ನೋಡಿದರು. "ಎರಡು ಅಕ್ಷರ ಸುದ್ದಾ ಇಲ್ಲ," ಅಂದರು. ಆಮೇಲೆ ಭಾನುವಾರದ ತನಕ ಕಾಯದೆ ಬುಧವಾರವೇ ಕಾಲ್ ಹಚ್ಚಿಸಿದರು. ಈ ಸಲ ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು.

ಅಮೋಘ್ ಕೂತಿದ್ದ, ಮುಖ ಆಚೆ.

"ಎಸ್," ಅಂದರು ಅಜ್ಜಿ. "ಎಸ್. ಎಸ್." ಅವನು ತಿರುಗಲಿಲ್ಲ. "ಹೇಳು ಅವಗ, ಅಪೂರ್ವಾ. ಬಾ ಅಂತ ಹೇಳು."

ಹೇಳಿದೆ. ನೀವು ಬರಬೇಕೆಂದು ಅಜ್ಜಿಗೆ ತುಂಬ ಆಸೆ, ಅವರ ನೋ ಎಂದರೆ ಬೇಡ ಅಂತಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಯು ಆಲ್ವೇಸ್ ಸೇ ದಟ್," ಅಂದ ಅಮೋಘ್. ನೀನು ಯಾವಾಗಲೂ ಅಜ್ಜಿ ಹೇಳಿದ್ದೆಲ್ಲ ಒಳ್ಳೆಯದೇ ಎನ್ನುತ್ತೀಯ. ಅಜ್ಜಿ ಹತ್ತು ನಿಮಿಷ ಬೈದ ಹಾಗೆ ಮಾತಾಡುತ್ತಾರೆ, ನೀನು 'ಯೂ ಆರ್ ಸ್ವೀಟ್' ಎನ್ನುತ್ತೀಯ. ನನ್ನ ಜೊತೆ ನಿಜ ಮಾತಾಡಿದ್ದು ಅಜ್ಜಿ ಒಬ್ಬರೇ, ಅವರು ನೋ ಅಂದರು ಎಂದ.

ಅಜ್ಜಿಯ ಕೈ ನನ್ನ ಮಣಿಕಟ್ಟಿನ ಮೇಲೆ ಹಾಗೇ ಇತ್ತು.

"ಆಲ್ವೇಸ್ ಅಂದ್ರ ಯಾವಾಗಲೂ," ಅಂದರು ನಿಧಾನವಾಗಿ. "ಯಾವಾಗಲೂ ನೀ ಏನು ಅಂತಿ?"

ಮೊಣಕಾಲು ನೋವು ಕೇಳುತ್ತಿದ್ದಾನೆ ಎಂಬ ವಾಕ್ಯ ಅಭ್ಯಾಸಬಲದಿಂದ ಬಾಯಿಗೆ ಬಂತು. ನುಂಗಿದೆ. ಪರದೆಯಲ್ಲಿ ಅಮೋಘ್ ಈಗ ತಿರುಗಿ ನನ್ನನ್ನೇ ನೋಡುತ್ತಿದ್ದ. ನಾನು ಇದನ್ನೂ ಮೃದು ಮಾಡಿ ಹೇಳಿದರೆ ಅವನು ನಂಬುವುದಿಲ್ಲ, ಡಿಸೆಂಬರಿನಲ್ಲಿ ಈ ಸೋಫಾದ ಮೇಲೆ ಅಜ್ಜಿ ಒಬ್ಬರೇ ಕೂತಿರುತ್ತಾರೆ.

ಮೊದಲು ಕನ್ನಡದಲ್ಲಿ, ಆಮೇಲೆ ಅದನ್ನೇ ಒಂದಕ್ಷರವೂ ಬಿಡದೆ ಇಂಗ್ಲಿಷಿನಲ್ಲಿ, ಇಬ್ಬರಿಗೂ ಕೇಳುವಷ್ಟು ಜೋರಾಗಿ ಹೇಳಿದೆ:

"ಎರಡು ವರ್ಷದಿಂದ ನೀವಿಬ್ಬರೂ ಅಂದದ್ದನ್ನ ನಾನು ಹೇಳೇ ಇಲ್ಲ. ಅಂಜಿಕಿ ಆಗಿ ಸುಳ್ಳು ಹೇಳೇನಿ."