ಗೋಣಿ ಹೊದಿಸಿದ ಗಂಟೆ

"ಇಳಿದ ಕೂಡ್ಲೆ ಸೀದಾ ಸಾಲಿಗೆ ಹೋಗಾದು. ಮೊದಲು ವೋಟು, ಆಮ್ಯಾಲ ಮನಿ. ತಿಳೀತಿಲ್ಲ?" ಬಸ್ಸಿನ ಗದ್ದಲದಲ್ಲಿ ದೇವಾನಂದ ಮಗಳ ಕಿವಿಯ ಹತ್ತಿರ ಬಗ್ಗಿ ಹೇಳಿದ. ಸಾಲಿ ಎಂದರೆ ಅವನು ಓದಿದ ಊರ ಶಾಲೆ, ಮತಗಟ್ಟೆ ಇರುವುದು ಅಲ್ಲೇ.

"ಯಾಕ ಪಪ್ಪಾ? ಮುತ್ಯಾ ಮನ್ಯಾಗ ಕಾಯ್ತಿರ್ತಾನ."

"ಅದಕ್ಕೇ ಹೇಳ್ಲಿಕತ್ತೀನಿ."

ಸುಷ್ಮಿತಾ ನಕ್ಕು ಮತ್ತೆ ಮೊಬೈಲಿಗೆ ಮುಖ ಹಾಕಿದಳು. ಹದಿನೆಂಟು ತುಂಬಿದ ತಿಂಗಳಲ್ಲೇ ಮುತ್ಯಾ, ಅಂದರೆ ದೇವಾನಂದನ ಅಪ್ಪ ಅಮೋಘಪ್ಪ, ಅವಳ ಹೆಸರನ್ನು ಕಮಲಾಪುರದ ಮತದಾರರ ಪಟ್ಟಿಗೆ ಸೇರಿಸಿಬಿಟ್ಟಿದ್ದ. ಅವಳಿಗಿದು ಮೊದಲ ವೋಟು. ಒಂದು ಲೆಕ್ಕದಲ್ಲಿ ದೇವಾನಂದನಿಗೂ ಇದು ಮೊದಲನೆಯದೇ. ಹುಟ್ಟಿದಾಗಿನಿಂದ ಗಂಟೆ ಗುರುತಿನ ಮನೆಯವನಾಗಿದ್ದ ಅವನು ನಾಲ್ಕು ವರ್ಷದ ಹಿಂದೆ ವಿಮಾನ ಗುರುತಿನ ಪಕ್ಷದ ಕಡೆಗೆ ಹೋಗಿದ್ದ. ಆಮೇಲೆ ಬಂದ ಒಂದು ಚುನಾವಣೆಯಲ್ಲಿ ಡೆಂಗೆ ಜ್ವರ ಬಂದು ಮಲಗಿದ್ದರಿಂದ, ಬಾಯಲ್ಲಿ ಎಷ್ಟು ಹಾರಿಸಿದರೂ ಬೆರಳಿನಲ್ಲಿ ಒಮ್ಮೆಯೂ ವಿಮಾನ ಒತ್ತಿರಲಿಲ್ಲ.

ಕಮಲಾಪುರದಲ್ಲಿ ಅಮೋಘಪ್ಪನ ಮನೆ ಎಂದರೆ ನಾಲ್ಕು ಜನರನ್ನು ಕೇಳಬೇಕು. ಗಂಟಿ ಅಮೋಘಪ್ಪನ ಮನಿ ಎಂದರೆ ಎಮ್ಮೆ ಕಾಯುವವನೂ ಬೆರಳು ತೋರಿಸುತ್ತಾನೆ. ಹಾಗಂತ ಇಂಥವರಿಗೇ ವೋಟು ಹಾಕಿರೆಂದು ಮುದುಕ ಮನೆಯಲ್ಲಿ ಬಾಯಿಬಿಟ್ಟು ಹೇಳಿದವನಲ್ಲ. ಹೇಳುವ ಅಗತ್ಯವೇ ಬಂದಿರಲಿಲ್ಲ. ವೋಟಿನ ದಿನ ಬೆಳಿಗ್ಗೆ ಎಲ್ಲರೂ ಜಳಕ ಮಾಡಿ ದೇವರ ಜಗಲಿಯ ಮುಂದೆ ನಿಲ್ಲಬೇಕು. ಮುದುಕ ಊದಿನಕಡ್ಡಿ ಹಚ್ಚಿ, ಹಿತ್ತಾಳೆ ಗಂಟೆ ಬಾರಿಸಿ, "ಎಲ್ಲಾರಿಗೂ ಒಳ್ಳೇದು ಮಾಡೋ ತಂದಿ" ಎನ್ನುತ್ತಾನೆ. ಆಮೇಲೆ ತೋಟದ ಒಂದೊಂದು ಕೆಂಪು ಬಾಳೆಹಣ್ಣು ಎಲ್ಲರ ಕೈಗೆ ಬರುತ್ತದೆ. ತಿಂದು, ಸಾಲಾಗಿ ಸಾಲಿಗೆ ನಡೆಯುವುದು. ದೇವಾನಂದ ಅಪ್ಪನ ಹೆಗಲ ಮೇಲೆ ಕೂತು ಮೊದಲ ಸಲ ಹೋದಾಗ ಅವನಿಗೆ ಸರ್ಕಾರ ಎಂದರೇನೆಂದು ಗೊತ್ತಿರಲಿಲ್ಲ. ದೇವರ ಮುಂದಿನ ಗಂಟೆ, ಗೋಡೆಯ ಮೇಲೆ ಬರೆದ ಗಂಟೆ, ಬಾಯಲ್ಲಿನ ಹಣ್ಣಿನ ಸವಿ ಮೂರೂ ಒಂದೇ ಎಂದು ಆ ಕೂಸು ತಿಳಿದಿತ್ತು. ಅಕ್ಷರ ಕಲಿಯುವುದಕ್ಕಿಂತ ಮೊದಲೇ ಅವನು ಪಕ್ಷ ಕಲಿತಿದ್ದ.

ಆಮೇಲೆ ಸಾಲಿಯಲ್ಲಿ ಗೆಳೆಯ ಲಾಲ್ ಅಹ್ಮದ್ ಜೊತೆ ಪ್ರಚಾರದ ಜೀಪಿನ ಹಿಂದೆ ಓಡಿ ಕರಪತ್ರ ಹೆಕ್ಕಿದ್ದಾಯಿತು. ಗಂಟೆಯ ಬಿಲ್ಲೆ ಅಂಗಿಗೆ ಚುಚ್ಚಿಕೊಂಡು ಮಾಸ್ತರರಿಂದ ಕಿವಿ ಹಿಂಡಿಸಿಕೊಂಡದ್ದಾಯಿತು. ಗಂಟೆ ಪಕ್ಷ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಇಬ್ಬರಿಗೂ ಗೊತ್ತಿರಲಿಲ್ಲ. ಕೇಳಿದವನ ಜೊತೆ ಜಗಳಕ್ಕೆ ಮಾತ್ರ ಇಬ್ಬರೂ ತಯಾರಿದ್ದರು.

ಕಲಬುರಗಿಗೆ ವರ್ಗವಾಗಿ ಜೇವರ್ಗಿ ಕಾಲೋನಿಯಲ್ಲಿ ಮನೆ ಮಾಡಿದ ಮೇಲೆ ಗಾಳಿ ಬೇರೆಯಾಯಿತು. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವ ಐದು ಜನರೂ ವಿಮಾನದವರು. ಮೊದಲ ವಾರ ದೇವಾನಂದ ಸುಮ್ಮನಿದ್ದ, ಎರಡನೆಯ ವಾರ ಹೂಂ ಎಂದ, ಆರು ತಿಂಗಳಿಗೆ ಎಲ್ಲರಿಗಿಂತ ಜೋರಾಗಿ ಅವನೇ ಮಾತಾಡತೊಡಗಿದ. ಅವರ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ಶುಭೋದಯಕ್ಕೂ ವಿಮಾನದ ಚಿತ್ರವೇ ಇರುತ್ತಿತ್ತು. ಸಂಜೆ ಟೀವಿಯಲ್ಲಿ ಒಂದೇ ಚಾನೆಲ್ಲು. ಅಲ್ಲಿ ಕೇಳಿದ್ದನ್ನು ಮಾರನೆಯ ದಿನ ಡಬ್ಬಿಯ ಮುಂದೆ ಹೇಳುವುದು, ಡಬ್ಬಿಯ ಮುಂದೆ ಕೇಳಿದ್ದನ್ನು ಅಪ್ಪನಿಗೆ ಫೋನಿನಲ್ಲಿ ಹೇಳುವುದು. ಅಮೋಘಪ್ಪ ಎಲ್ಲ ಕೇಳಿ, "ಊಟಾ ಆತೇನಪ?" ಎನ್ನುತ್ತಿದ್ದ. ಜಗಳಕ್ಕೆ ಸಿಗದ ಅಪ್ಪನ ಜೊತೆ ಹೇಗೆ ಜಗಳವಾಡುವುದು?

ಮಗಳನ್ನಾದರೂ ತನ್ನ ಕಡೆ ಎಳೆದುಕೊಳ್ಳಬೇಕೆಂದು ಅವನು ಹಟ ಹಿಡಿದಿದ್ದ. ಮಗಳೂ ವಿಮಾನ ಒತ್ತಿದರೆ ತಾನು ಅಪ್ಪನ ಮನೆಯ ಗಂಟೆಯಿಂದ ಹೊರಗೆ ಬಂದದ್ದು ಖರೆ ಎಂದಾಗುತ್ತದೆ. ಆದರೆ ಅವಳ ಫೋನು ಬೇರೆ, ಅವನ ಫೋನು ಬೇರೆ. ಅವನ ಫೋನಿನಲ್ಲಿ ವಿಮಾನ ದೇಶವನ್ನು ಮೇಲೆತ್ತುತ್ತಿತ್ತು. ಅವಳ ಫೋನಿನಲ್ಲಿ ಅದೇ ವಿಮಾನಕ್ಕೆ ಕುಣಿಯುವ ಹಾಡು ಹಚ್ಚಿ ನಗುತ್ತಿದ್ದರು. ಒಂದೇ ಸೋಫಾದ ಮೇಲೆ ಕೂತು ಅಪ್ಪ ಮಗಳು ಎರಡು ದೇಶ ನೋಡುತ್ತಿದ್ದರು.

"ಕಾರಣ ಹೇಳ್ರಿ ಪಪ್ಪಾ," ಎಂದು ಅವಳು ಬಸ್ಸಿನಲ್ಲೂ ಕೇಳಿದಳು. "ಟೀವ್ಯಾಗ ಬಂದಿದ್ದು ಬ್ಯಾಡ, ನಿಮ್ದು."

"ದೇಶ ಮುಂದ ಹೋಗಬೇಕಂದ್ರ..."

"ಇದು ನಿನ್ನೆ ರಾತ್ರಿದು. ಅಡಗಿ ಮನ್ಯಾಗ ನನಗೂ ಕೇಳಿಸ್ತು."

"ಮತ್ತ ನೀ ಯಾರಿಗಿ ಹಾಕ್ತಿ?"

"ಗುಪ್ತ ಮತದಾನ ಅಂದ್ರ ಗುಪ್ತ." ಒಂಬತ್ತನೆಯ ತರಗತಿಯಲ್ಲಿ ಶಾಲಾ ಸಂಸತ್ತಿನ ಚುನಾವಣೆಗೆ ಅವಳು ನಿಂತಿದ್ದಳು. ಎಲ್ಲರಿಗೂ ಚಾಕಲೇಟು ಹಂಚೆಂದು ಆಗ ಸಲಹೆ ಕೊಟ್ಟವನು ದೇವಾನಂದನೇ. ಸಮಾಜ ವಿಜ್ಞಾನದ ದಿಲ್ಶಾದ್ ಬೇಗಂ ಟೀಚರು ಇಡೀ ಡಬ್ಬಿ ಕಸಿದುಕೊಂಡು, ವೋಟು ಮುಗಿದ ಮೇಲೆ ಸೋತವರಿಗೂ ಗೆದ್ದವರಿಗೂ ಸಮನಾಗಿ ಹಂಚಿದ್ದರು. ಅವಳು ಸೋತಿದ್ದಳು. ಆದರೆ ಆ ದಿನದಿಂದ ವೋಟಿನ ಮಾತು ಬಂದರೆ ಬಾಯಿಗೆ ಬೀಗ ಹಾಕುವುದನ್ನು ಕಲಿತಿದ್ದಳು.

ಬಸ್ಸು ನಿಂತಿತು. ಕಿಟಕಿಯಲ್ಲಿ ನೋಡಿದ ದೇವಾನಂದನ ಮುಖ ಸಣ್ಣದಾಯಿತು. ಲಾಲ್ ಅಹ್ಮದನ ಚಹಾದಂಗಡಿಯ ಬೆಂಚಿನ ಮೇಲೆ, ತೊಡೆಯ ಮೇಲೊಂದು ಕೈಚೀಲ ಇಟ್ಟುಕೊಂಡು ಅಮೋಘಪ್ಪ ಕೂತಿದ್ದ. ಪಕ್ಕದಲ್ಲಿ ಅವ್ವ ಪುತಳಾಬಾಯಿ.

"ಸೀದಾ ಸಾಲಿಗಿ ಹೋಗ್ತೀದಿ ಅಂತ ಗೊತ್ತಿತ್ತಪ," ಎಂದ ಮುದುಕ, ಸಿಟ್ಟಿಲ್ಲದೆ. "ಬಿಸಲು ಏರ್ತದ ನೋಡು. ಅದಕ್ಕ ನಾವೇ ಬಂದ್ವಿ."

ಚಹಾ ಸೋಸುತ್ತ ಲಾಲ್ ಅಹ್ಮದ್ ಕೂಗಿದ: "ಬರ್ರಿ ಪೈಲಟ್ ಸಾಹೇಬ್ರ. ವಿಮಾನ ಎಲ್ಲಿ ನಿಲ್ಸೀರಿ? ಬಸ್ಸಿನಾಗ ಬಂದೀರಲ್ಲ."

"ನೀ ಚಹಾ ಮಾಡು," ಎಂದ ದೇವಾನಂದ.

ಕೈಚೀಲದಿಂದ ಕೆಂಪು ಬಾಳೆಹಣ್ಣು ಹೊರಬಂದವು. ಸುಷ್ಮಿತಾ ಅಲ್ಲೇ ನಿಂತು ಸಿಪ್ಪೆ ಸುಲಿದಳು. ದೇವಾನಂದ ಕೈ ಹಿಂದೆ ಎಳೆದ. "ನನಗ ಶುಗರ್ ಅದ್ರಿ ಅಪ್ಪಾ."

"ಶುಗರ್ ಯಾವಾಗ ಬಂತೋ?" ಎಂದಳು ಪುತಳಾಬಾಯಿ ಗಾಬರಿಯಾಗಿ.

"ಬಸ್ಸಿನಾಗ ಬಂದದ ಆಯಿ," ಎಂದಳು ಸುಷ್ಮಿತಾ, ಬಾಯಿ ತುಂಬ ಹಣ್ಣು ಇಟ್ಟುಕೊಂಡು.

ಮುದುಕ ಮಗನ ಪಾಲಿನ ಹಣ್ಣನ್ನು ಅವನ ಅಂಗಿಯ ಜೇಬಿಗೆ ಮೆಲ್ಲಗೆ ಇಳಿಸಿದ. "ಹಸಿವಾದಾಗ ತಿನ್ನು."

ಸಾಲಿ ಅದೇ ಸಾಲಿ. ದೇವಾನಂದ ಅಕ್ಷರ ತಿದ್ದಿದ ಕೋಣೆಯೇ ಮತಗಟ್ಟೆಯಾಗಿತ್ತು. ವರಾಂಡದ ತೊಲೆಗೆ ತೂಗುವ ಸಾಲಿಯ ಗಂಟೆಯನ್ನು ಚುನಾವಣೆಯ ಸಿಬ್ಬಂದಿ ಬಿಟ್ಟಿರಲಿಲ್ಲ. ಮತಗಟ್ಟೆಯ ಬಳಿ ಪಕ್ಷದ ಗುರುತು ಕಾಣಬಾರದು ಎಂಬ ನಿಯಮಕ್ಕೆ ಅದಕ್ಕೊಂದು ಗೋಣಿಚೀಲ ಹೊದಿಸಿ ಹಗ್ಗದಿಂದ ಬಿಗಿದಿದ್ದರು. ದಿನಾ ಅದರ ಕೆಳಗೇ ಓಡಾಡುವವರೂ ಇವತ್ತು ಕತ್ತೆತ್ತಿ ನೋಡಿ ನಗುತ್ತ ಹೋಗುತ್ತಿದ್ದರು. ಸಾಲಿನಲ್ಲಿ ನಿಂತಷ್ಟು ಹೊತ್ತು ದೇವಾನಂದನಿಗೆ ಅದೊಂದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಚೀಲದೊಳಗೆ ಆ ಗಂಟೆಯ ಅಂಚಿನಲ್ಲಿ ಒಂದು ಸೀಳಿದೆ, ಸಾಲಿಯ ದಿನಗಳದ್ದು. ಲಾಲ್ ಅಹ್ಮದ್ ಕಲ್ಲು ಬೀರಿ ಮಾಡಿದ್ದು. ಬೀರೆಂದು ಹೇಳಿದವನು ತಾನು. ಜೇಬಿನೊಳಗಿನ ಹಣ್ಣು ಬಿಸಿಲಿಗೆ ಘಮ್ಮೆನ್ನತೊಡಗಿತು.

ಸುಷ್ಮಿತಾ ಅವನಿಗಿಂತ ಮುಂದೆ ಒಳಗೆ ಹೋದಳು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬೀಪ್ ಸದ್ದು ಕೇಳಿಸಿತು, ಶಾಯಿಯ ಬೆರಳು ನೋಡಿಕೊಳ್ಳುತ್ತ ಹೊರಗೆ ಬಂದಳು.

ದೇವಾನಂದನ ಸರದಿ ಬಂತು. ಹೆಸರು ಓದಿದರು, ಸಹಿ ಹಾಕಿಸಿದರು, ಬೆರಳಿಗೆ ಶಾಯಿ ಹಚ್ಚಿದರು. ರಟ್ಟಿನ ಮರೆಯ ಹಿಂದೆ ಹೋಗಿ ನಿಂತ. ಎರಡನೆಯ ಸಾಲಿನಲ್ಲಿ ಗಂಟೆ, ಮೂರನೆಯದರಲ್ಲಿ ವಿಮಾನ. ಬೆರಳನ್ನು ವಿಮಾನದ ಮುಂದಕ್ಕೆ ಒಯ್ದ. ಕಾರಣ ಹೇಳ್ರಿ ಪಪ್ಪಾ, ನಿಮ್ದು, ಎಂಬ ಮಗಳ ಮಾತು ಕಿವಿಯಲ್ಲಿತ್ತು. ಹುಡುಕಿದ. ಟೀವಿಯವನ ಕೂಗು ನೆನಪಾಯಿತು, ಡಬ್ಬಿಯ ಮುಂದಿನ ನಗು ನೆನಪಾಯಿತು, ತನ್ನದೆಂಬುದೊಂದು ಸಿಗಲಿಲ್ಲ. ಹಾಗಾದರೆ ಗಂಟೆಗೆ ಏನು ಕಾರಣ ಎಂದು ಹುಡುಕಿದ, ಅಲ್ಲಿಯೂ ಇರಲಿಲ್ಲ. ಅಪ್ಪನ ಹೆಗಲಿನ ಬೆವರು, ಊದಿನಕಡ್ಡಿಯ ಹೊಗೆ, ಇಷ್ಟೇ.

"ಲಗೂ ಮಾಡ್ರಿ," ಎಂದು ಅಧಿಕಾರಿ ಕೂಗಿದರು.

ಬೆರಳು ಒತ್ತಿತು, ಬೀಪ್ ಎಂದಿತು. ಪಕ್ಕದ ಯಂತ್ರದ ಗಾಜಿನ ಹಿಂದೆ ಪುಟ್ಟ ಚೀಟಿ ಮೂಡಿತು. ಚೀಟಿಯಲ್ಲಿ ಗಂಟೆ ಇತ್ತು. ಅವನು ನೋಡುತ್ತಿದ್ದ ಹಾಗೆಯೇ ಅದು ಕತ್ತರಿಸಿ ಕೆಳಗೆ ಬಿತ್ತು.

"ಸರ್," ಎಂದ ದೇವಾನಂದ ಹೊರಗೆ ಬಂದು, ದನಿ ತಗ್ಗಿಸಿ. "ಇನ್ನೊಮ್ಮೆ ಒತ್ತಬಹುದೇನ್ರಿ?"

"ಯಾಕ್ರಿ, ಮಿಷನ್ ತಪ್ಪು ಚೀಟಿ ತೋರಿಸ್ತೇನು? ಬರೆದು ಕೊಡ್ರಿ, ಪರೀಕ್ಷೆ ಮಾಡ್ತೀವಿ."

"ಮಿಷನ್ ಬರೋಬ್ಬರಿ ಅದರಿ."

"ಮತ್ತ?"

ದೇವಾನಂದ ಕೈಮುಗಿದು ಹೊರಗೆ ನಡೆದ.

"ಯಾಕ ಪಪ್ಪಾ, ಹಿಂಗ ಬೆವತೀರಿ?" ಎಂದಳು ಮಗಳು.

"ಒಳಗ ಫ್ಯಾನ್ ಇಲ್ಲ."

ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಕಾದಿದ್ದವು. ಸೋತವನ ಹಾಗೆ ತಟ್ಟೆ ನೋಡುತ್ತ ಉಣ್ಣುತ್ತಿದ್ದ ಮಗನನ್ನು ಕಂಡು ಅಮೋಘಪ್ಪ ಅವನ ಹತ್ತಿರಕ್ಕೆ ಸರಿದ. ಮಗ ತನ್ನ ಮುಖ ನೋಡಲಾರದೆ ಕೂತಿದ್ದಾನೆ, ವಿಮಾನ ಒತ್ತಿದ ಸಂಕಟ ಇದು, ಎಂದೇ ಅವನು ತಿಳಿದ.

"ಇರ್ಲಿ ಬಿಡಪ," ಎಂದ. "ನಿನ್ನ ವೋಟು ನಿಂದು. ಒತ್ತಿದ್ದು ಒತ್ತೀದಿ. ಮನಸಿಗಿ ಹಚ್ಕೋಬ್ಯಾಡ. ಮನ್ಯಾಗ ಒಂದು ವಿಮಾನ ಇದ್ರ ಏನಾತು? ನಿಮ್ಮವ್ವ, ನಾ ಇದ್ದೀವಲ್ಲ ಗಂಟಿಗಿ."

ರೊಟ್ಟಿ ಬಡಿಸುತ್ತಿದ್ದ ಪುತಳಾಬಾಯಿ ಸೆರಗು ಸರಿಮಾಡಿಕೊಂಡಳು. "ನನ್ದು ನೀವ್ಯಾಕ ಹೇಳ್ತೀರಿ? ಒಮ್ಮೆರೆ ಕೇಳೀರೇನು?"

"ಕೇಳಾದೇನದ? ಗಂಟೀನೇ."

"ಹಂಗಂತ ನೀವು ತಿಳ್ಕೊಂಡೀರಿ."

ಅಮೋಘಪ್ಪನ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಹೆಂಡತಿ ಒಳಗೆ ಹೋಗಿ ಮೊಸರು ತಂದು ಹಾಕಿದಳು. ಸುಷ್ಮಿತಾ ಬಾಯಿಗೆ ವೇಲು ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ದೇವಾನಂದನಿಗೂ ನಗು ಬಂತು. ನಾಲ್ಕು ವರ್ಷದಲ್ಲಿ ಅಪ್ಪನ ಮುಂದೆ ಅವನು ನಕ್ಕದ್ದು ಅದೇ ಮೊದಲು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಮುದುಕ, "ವಿಮಾನದಾಗ ಅಂಥಾದ್ದು ಏನದ, ಹೇಳು ಕೇಳ್ತೀನಿ," ಎಂದು ಅಕ್ಕರೆಯಿಂದ ಅವನ ಕಡೆ ತಿರುಗಿ ಕೂತ. ಅಪ್ಪ ಇಷ್ಟು ದಿನಕ್ಕೆ ಮಾತಿಗೆ ಕೂತಿದ್ದಾನೆ. ದೇವಾನಂದ ಬಾಯಲ್ಲಿದ್ದ ನಿಜವನ್ನು ರೊಟ್ಟಿಯ ಜೊತೆ ನುಂಗಿ, ಟೀವಿಯಲ್ಲಿ ಕೇಳಿದ್ದನ್ನೆಲ್ಲ ಹೇಳತೊಡಗಿದ.

ಹೊತ್ತು ಇಳಿಯುವ ಮುಂಚೆ ಅಪ್ಪ ಮಗಳು ಜೇವರ್ಗಿ ಕಾಲೋನಿಗೆ ಮರಳಿದರು. ನರ್ಸ್ ಆಗಿದ್ದ ಹೆಂಡತಿ ಪ್ರೀತಿ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ಆಫೀಸಿನ ಗುಂಪಿನಲ್ಲಿ ಶಾಯಿ ಹಚ್ಚಿದ ಐದು ಬೆರಳು ಬಂದಿದ್ದವು, ಒಂದೊಂದರ ಪಕ್ಕದಲ್ಲೂ ವಿಮಾನ. ದೇವಾನಂದ ತನ್ನ ಬೆರಳಿನ ಫೋಟೋ ತೆಗೆದು ವಿಮಾನದ ಚಿತ್ರ ಜೋಡಿಸಿ ಕಳಿಸಿದ. ಆಮೇಲೆ ಟೀವಿ ಹಚ್ಚಿದ. ಚರ್ಚೆ ಆಗಲೇ ಏರಿತ್ತು. ಗಂಟೆಯ ಕಡೆಯವನೊಬ್ಬ ಏನೋ ಹೇಳಿದ್ದಕ್ಕೆ, "ಸುಳ್ಳ ಹೇಳ್ತಾನ ನೋಡು," ಎಂದು ದೇವಾನಂದ ಎಂದಿನಂತೆ ಸೋಫಾದಿಂದ ಅರ್ಧ ಎದ್ದ.

ಮಗಳು ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿದಳು. ರಜೆಗೆ ಊರಿಗೆ ಹೋದಾಗ ಆಯಿಯ ಹತ್ತಿರ ಕಲಿತದ್ದು, ದಿನಾ ಸಂಜೆ ತಪ್ಪಿಸುವವಳಲ್ಲ. ಒಳಗಿನಿಂದ ಸಣ್ಣ ಗಂಟೆಯ ನಾದ ಬಂತು. ದೇವಾನಂದನ ಕಣ್ಣು ಟೀವಿಯ ಮೇಲೆಯೇ ಇತ್ತು. ರಿಮೋಟಿನ ಮೇಲಿದ್ದ ಹೆಬ್ಬೆರಳು ತಾನೇ ಸರಿದು ಸದ್ದನ್ನು ಪೂರಾ ತಗ್ಗಿಸಿತು. ಟೀವಿಯವನು ಬಾಯಿ ಮಾತ್ರ ಆಡಿಸುತ್ತಿದ್ದ. ದೇವಾನಂದ ಜೇಬಿನಿಂದ ಮೆತ್ತಗಾದ ಬಾಳೆಹಣ್ಣು ತೆಗೆದು, ನಿಧಾನ ಸಿಪ್ಪೆ ಸುಲಿಯತೊಡಗಿದ.