ಕಡುನೀಲಿ ಉಡುಪಿನ ವಿವರಣೆ

ಬಟ್ಟೆ ಕತ್ತರಿಸುವ ಕೋಣೆಯಲ್ಲಿ ಮೂವತ್ತು ವರ್ಷ ಕಳೆದ ಟೇಪಮ್ಮನಿಗೆ ಈ ಜಗತ್ತಿನಲ್ಲಿ ಸಹಿಸಲಾಗದವರು ಬಹಳ ಮಂದಿ. ಮಾರಾಟದ ಸಾಹೇಬ ಆ ಪಟ್ಟಿಯ ತಲೆಯಲ್ಲೇ ಇದ್ದ. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು ನೇತುಹಾಕಿಕೊಂಡಿರುತ್ತಾಳೆಂದು ಅವಳಿಗೆ ಈ ಹೆಸರಿಟ್ಟವನೂ ಅವನೇ. ಅಂಗಿಯ ಗುಂಡಿ ಹೊಲಿದುಕೊಳ್ಳಲು ಬಾರದವನು ಬಟ್ಟೆ ಮಾರುವುದೇ ಒಂದು ತಮಾಷೆ, ಅದರ ಮೇಲೆ ಹೆಸರಿಡುವ ಹುಮ್ಮಸ್ಸು ಬೇರೆ ಎಂದು ಅವಳು ಮೂಗು ಮುರಿಯುತ್ತಿದ್ದಳು.

ಈಗ ಅವಳ ಕೆಲಸ ಕತ್ತರಿಯದಲ್ಲ, ಕಂಪ್ಯೂಟರಿನದು. ಕಂಪನಿ ಆನ್‌ಲೈನಿನಲ್ಲಿ ಬಟ್ಟೆ ಮಾರುತ್ತದೆ. ಪ್ರತಿ ಹೊಸ ಉಡುಪಿಗೂ ಒಬ್ಬರನ್ನು ನಿಲ್ಲಿಸಿ ಫೋಟೋ ತೆಗೆಯುವ ಕಾಲ ಹೋಯಿತು. ಒಂದೇ ಫೋಟೋ ಇಟ್ಟುಕೊಂಡು, ಉಡುಪು ಹೇಗಿದೆ, ಮೈಮೇಲೆ ಹೇಗೆ ಕೂರುತ್ತದೆ ಎಂದು ವಿವರಣೆ ಬರೆದುಕೊಟ್ಟರೆ ಯಂತ್ರವೇ ಹೊಸ ಬಟ್ಟೆ ತೊಡಿಸಿ ಚಿತ್ರ ಮಾಡಿಕೊಡುತ್ತದೆ. ದೊಡ್ಡ ಅಳತೆಯ ಬಟ್ಟೆಗಳಿಗೆ ಬಳಸುವ ಫೋಟೋದಲ್ಲಿ ನಿಂತಿದ್ದವಳು ಟೇಪಮ್ಮನ ಸ್ವಂತ ತಂಗಿ. ಅಗಲ ಭುಜ, ತುಂಬಿದ ತೋಳು, ಮುಂದೆ ಬಂದ ಹೊಟ್ಟೆ, ಅದಕ್ಕಿಂತ ಅಗಲವಾದ ಸೊಂಟ. ಎಂಟು ವರ್ಷದಿಂದ ಅವಳು ಅದೇ ಕಂಪನಿಗೆ ಅಳತೆ ಕೊಡುವುದಕ್ಕೂ ಫೋಟೋಗೆ ನಿಲ್ಲುವುದಕ್ಕೂ ಬರುತ್ತಿದ್ದಳು.

ತೊಂದರೆ ಬಂದದ್ದು ಹೀಗೆ. ದೊಡ್ಡ ಅಳತೆಯ ಬಟ್ಟೆ ಕೊಂಡವರೆಲ್ಲ ಅದನ್ನು ಹಿಂದಕ್ಕೆ ಕಳಿಸತೊಡಗಿದರು. ಚಿತ್ರದಲ್ಲಿ ಒಂದು ಥರ, ಮೈಮೇಲೆ ಇನ್ನೊಂದು ಥರ ಎಂದು ಬರೆಯುತ್ತಿದ್ದರು. ಯಂತ್ರ ಬಟ್ಟೆ ಬದಲಿಸುವಾಗ ತಂಗಿಯನ್ನೂ ಸದ್ದಿಲ್ಲದೆ ತೆಳ್ಳಗೆ ಮಾಡುತ್ತಿತ್ತು. ಮೂಲ ಫೋಟೋದಲ್ಲಿ ಅವಳ ತೋಳು ಪಕ್ಕೆಗೆ ಒತ್ತಿಕೊಂಡಿದೆ. ಯಂತ್ರದ ಚಿತ್ರದಲ್ಲಿ ತೋಳಿಗೂ ಸೊಂಟಕ್ಕೂ ನಡುವೆ ಹಿಂದಿನ ಬಿಳಿ ಗೋಡೆ ಕಾಣುತ್ತದೆ. ಚಿತ್ರ ಸುಳ್ಳು ಹೇಳುತ್ತಿದೆ ಎಂದು ಸಾಹೇಬನಿಗೆ ಹೊಳೆಯಲಿಲ್ಲ. ದಪ್ಪಗಿರುವವರಿಗೆ ಯಾವುದೂ ಒಪ್ಪುವುದಿಲ್ಲ ಎಂದು ಮಾತ್ರ ಹೊಳೆಯಿತು.

"ಮಧ್ಯಾಹ್ನದ ಮೀಟಿಂಗಿಗೆ ಈ ಕಡುನೀಲಿದು ಒಂದು ಸರಿಯಾಗಿ ಬರಲಿ ಮೇಡಂ," ಎಂದು ಬೆಳಿಗ್ಗೆ ಹೇಳಿಹೋದ. "ಬರಲಿಲ್ಲ ಅಂದ್ರೆ ದೊಡ್ಡ ಅಳತೆನೇ ನಿಲ್ಲಿಸಿಬಿಡೋಣ. ನಿಮ್ಮ ತಂಗಿಗೂ ಹೇಳಿಬಿಡಿ, ಬೇಜಾರು ಮಾಡ್ಕೋಬೇಡಿ ಅಂತ."

ಅವನೇ ಬರೆದಿದ್ದ ವಿವರಣೆ ಪರದೆಯ ಮೇಲಿತ್ತು: ಸೊಗಸಾದ, ಆಕರ್ಷಕ, ಮೈಮಾಟ ತಿದ್ದಿ ತೋರಿಸುವ ಕಡುನೀಲಿ ಉಡುಪು. ಟೇಪಮ್ಮ ಓದಿ ನಕ್ಕಳು. ತಿದ್ದು ಎಂದು ಬಾಯಿಬಿಟ್ಟು ಕೇಳಿ, ಆಮೇಲೆ ಬಟ್ಟೆ ಯಾಕೆ ಹಿಂದಕ್ಕೆ ಬಂತು ಎಂದು ತಲೆ ಕೆರೆದುಕೊಳ್ಳುವ ಬುದ್ಧಿವಂತ! ಎಲ್ಲವನ್ನೂ ಅಳಿಸಿ ತಾನೇ ಬರೆದಳು. ಕಂಕುಳು, ಕತ್ತು, ಅಂಚು ಯಾವುದನ್ನೂ ಬಿಡಲಿಲ್ಲ. ಯಂತ್ರ ಚಿತ್ರ ಕೊಟ್ಟಿತು. ತೋಳಿನ ಪಕ್ಕದಲ್ಲಿ ಗೋಡೆ ಹಾಗೇ ಇತ್ತು.

'ತೆಳ್ಳಗೆ ಮಾಡಬೇಡ' ಎಂದು ಸೇರಿಸಿದಳು. ಗೋಡೆ ಇನ್ನಷ್ಟು ಅಗಲವಾಯಿತು. ಬೇಡವೆಂದದ್ದು ಬಿಟ್ಟು ತೆಳ್ಳಗೆ ಎನ್ನುವುದಷ್ಟೇ ಅದರ ಕಿವಿಗೆ ಬಿದ್ದಂತಿತ್ತು, ಥೇಟ್ ಸಾಹೇಬನ ಹಾಗೆ. ಅವಳು ಯಂತ್ರಕ್ಕೆ ಬೈದಳು, ಅದನ್ನು ತಯಾರಿಸಿದವರಿಗೆ ಬೈದಳು, ದೀಪವನ್ನು ಓರೆಗೆ ಇಟ್ಟಿದ್ದ ಫೋಟೋಗ್ರಾಫರನಿಗೂ ಒಂದು ಪಾಲು ಕೊಟ್ಟಳು.

ಹನ್ನೊಂದೂವರೆಗೆ ತಂಗಿ ಬಂದಳು. ಕಡುನೀಲಿ ಉಡುಪಿನ ಮಾದರಿಯನ್ನೇ ತೊಟ್ಟಿದ್ದಳು. ಪಕ್ಕದ ಕೋಣೆಯಲ್ಲಿ ಅಳತೆ ಕೊಟ್ಟು ನೇರ ಬಂದಿದ್ದಳು.

"ಏನಂತೆ ಅಕ್ಕ ಅದು?"

"ಹಾಳಾದ್ದು, ಹೇಳಿದ ಮಾತು ಕೇಳಲ್ಲ. ನಾನು ಬರೆದಿರೋದ್ರಲ್ಲಿ ಒಂದು ತಪ್ಪು ತೋರ್ಸು ನೋಡೋಣ."

ತಂಗಿ ಕುರ್ಚಿಯ ಬೆನ್ನು ಹಿಡಿದು ಬಗ್ಗಿ ಓದತೊಡಗಿದಳು. ಓದುತ್ತ ಓದುತ್ತ ದನಿ ನಿಧಾನವಾಯಿತು.

"ಹೊಟ್ಟೆ ಮರೆಯಾಗುವಂತೆ ಸಡಿಲವಾಗಿ ಇಳಿಬಿದ್ದ ಮುಂಭಾಗ. ತೋಳಿನ ದಪ್ಪ ಎದ್ದು ಕಾಣದಂತೆ ಅಗಲವಾಗಿ ಹೊಲಿದ ತೋಳು. ಸೊಂಟದ ಮೇಲೆ ಕಣ್ಣು ಹೋಗದಂತೆ ಮೇಲೆ ಹಾಕಿದ ಹೊಲಿಗೆ." ಅವಳು ನೆಟ್ಟಗೆ ನಿಂತಳು. "ಇದೆಲ್ಲ ಏನಕ್ಕ?"

"ಅದೇ, ಉಡುಪು."

"ಉಡುಪಿನ ಮಾತು ಎಲ್ಲಿದೆ ಇದರಲ್ಲಿ? ನನ್ನನ್ನ ಹೇಗೆ ಬಚ್ಚಿಡಬೇಕು ಅಂತ ಬರ್ದಿದ್ದೀಯ. ಅದು ಬಚ್ಚಿಟ್ಟಿದೆ. ಪಾಪ, ಅದಕ್ಕೆ ಯಾಕೆ ಬೈತೀಯ?"

ಟೇಪಮ್ಮ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. ಅವಳು ಮತ್ತೆ ಓದಿದಳು. ಸಾಹೇಬ ತಿದ್ದು ಎಂದಿದ್ದ, ಅವಳು ಮರೆಮಾಡು ಎಂದಿದ್ದಳು. ಒಂದು ಮಾತೂ ಬಟ್ಟೆಯದಾಗಿರಲಿಲ್ಲ. ಮೂವತ್ತು ವರ್ಷ ಮರೆಮಾಡುವುದನ್ನೇ ಕಸುಬು ಎಂದುಕೊಂಡಿದ್ದಳು. ನಾಚಿಕೆಯಾಯಿತು. ನಾಚಿಕೆಯಾದಾಗ ಅವಳಿಗೆ ಸಿಟ್ಟೇ ಬರುವುದು ವಾಡಿಕೆ. ಈ ಸಲ ಅದೂ ಬರಲಿಲ್ಲ.

"ಅಲ್ಲಿ ಬೆಳಕಿಗೆ ನಿಂತ್ಕೋ," ಎಂದಳು.

ತಂಗಿ ಕಿಟಕಿಯ ಬಳಿ ನಿಂತಳು. ಟೇಪಮ್ಮ ಟೇಪು ಮುಟ್ಟಲಿಲ್ಲ, ಬರೀ ನೋಡಿದಳು. ಕಂಡದ್ದನ್ನು ಕಂಡ ಹಾಗೆ ಬರೆದಳು. ಮುಖ, ನಿಲುವು, ಮೈಯ ಹೊರಗೆರೆ ಎಲ್ಲ ಮೂಲ ಫೋಟೋದಲ್ಲಿರುವಂತೆಯೇ. ಬದಲಾಗುವುದು ಬಟ್ಟೆ ಮಾತ್ರ. ಭುಜದ ಹೊಲಿಗೆ ಭುಜದ ಅಂಚಿನಲ್ಲೇ ಕೂತಿದೆ. ದಪ್ಪ, ಮೆತ್ತನೆಯ ಹತ್ತಿಬಟ್ಟೆ ಎದೆಯ ಮೇಲಿಂದ ಇಳಿದು ಹೊಟ್ಟೆಯ ದುಂಡನ್ನು ಮುಟ್ಟಿ, ಅಲ್ಲಿ ಒರಗಿ, ಅದರ ಕೆಳಗೆ ನೇರ ಬಿದ್ದಿದೆ. ಎದೆಯಿಂದ ಕಂಕುಳ ಕಡೆಗೆ ಎರಡು ಸಣ್ಣ ನೆರಿಗೆ. ಮೇಲುತೋಳಿಗೆ ಉಡುಪಿನ ತೋಳು ಹಿತವಾಗಿ ತಾಗಿದೆ, ಮೊಣಕೈಯಲ್ಲಿ ಮಡಿಕೆ ಬಿದ್ದಿದೆ. ತೋಳು ಪಕ್ಕೆಗೆ ಒತ್ತಿಕೊಂಡ ಕಡೆ ಬಟ್ಟೆಗೆ ಬಟ್ಟೆ ತಾಗಿದೆ. ಸೊಂಟದ ಅತಿ ಅಗಲವಾದ ಕಡೆ ಬಟ್ಟೆ ಎಳೆದಿಲ್ಲ, ತುಂಬಿಕೊಂಡಿದೆ. ಹೊಟ್ಟೆ ಬಟ್ಟೆಯನ್ನು ಎತ್ತಿದ್ದರಿಂದ ಮುಂದಿನ ಅಂಚು ಹಿಂದಿನದಕ್ಕಿಂತ ಎರಡು ಬೆರಳು ಮೇಲಿದೆ.

ಕೊನೆಯ ಸಾಲನ್ನು ಬರೆಯುವಾಗ ಕೈ ತಡೆಯಿತು. ಅಂಚು ಮೇಲೇರಿದರೆ ಕತ್ತರಿಸಿದವರ ತಪ್ಪು ಎಂದು ಎಷ್ಟು ಹುಡುಗಿಯರಿಗೆ ಅವಳು ಬೈದು ಕಲಿಸಿದ್ದಳು! ಮಾರಾಟಕ್ಕೆ ಹೋಗುವ ಉಡುಪಿನಲ್ಲಿ ಅದನ್ನು ಸರಿಮಾಡಬೇಕಾದದ್ದು ಕತ್ತರಿಸುವ ಕೋಣೆಯಲ್ಲಿ, ಮುಂಭಾಗಕ್ಕೆ ಉದ್ದ ಕೊಟ್ಟು. ಚಿತ್ರದಲ್ಲಿ ಹೊಟ್ಟೆಯನ್ನು ಒಳಗೆ ಒತ್ತಿ ಅಲ್ಲ. ಈಗ ಕೈಯಲ್ಲಿರುವ ಉಡುಪು ಹೀಗಿದೆ, ಹೀಗೇ ಕಾಣಲಿ ಎಂದು ಸಾಲನ್ನು ಉಳಿಸಿಕೊಂಡಳು.

ಚಿತ್ರ ಬಂತು. ಅದರಲ್ಲಿ ತಂಗಿಯೇ ಬಂದು ನಿಂತಿದ್ದಳು. ಮೂಲ ಫೋಟೋದ ಮೇಲೆ ಅದನ್ನಿಟ್ಟು ನೋಡಿದರೆ ಭುಜ, ತೋಳು, ಸೊಂಟ ಗೆರೆಗೆ ಗೆರೆ ಕೂತಿದ್ದವು.

ಸಾಹೇಬ ಮೀಟಿಂಗಿಗೆ ಮುಂಚೆ ಇಣುಕಿದ. "ಹೊಟ್ಟೆ ಕಾಣ್ತಾ ಇದೆಯಲ್ಲ ಮೇಡಂ."

"ಇದೆ, ಕಾಣತ್ತೆ," ಎಂದಳು ಟೇಪಮ್ಮ. "ಕೊಳ್ಳೋರಿಗೂ ಇದೆ. ಬಟ್ಟೆ ಅದರ ಮೇಲೆ ಹೇಗೆ ಕೂರತ್ತೆ ಅಂತ ನೋಡೋಕೇ ಅವರು ಚಿತ್ರ ನೋಡೋದು. ನಿಮ್ಮ ಹೊಟ್ಟೆ ಮೇಲೆ ಆ ಅಂಗಿ ಹೇಗೆ ಕೂತಿದೆ ಅನ್ನೋದನ್ನ ಯಾರಾದ್ರೂ ತಿದ್ದಿದ್ದಾರಾ?"

ಅವನು ತನ್ನ ಗುಂಡಿಗಳ ನಡುವೆ ಬಾಯಿಬಿಟ್ಟಿದ್ದ ಅಂಗಿಯನ್ನು ನೋಡಿಕೊಂಡ. ಇನ್ನೊಂದು ತಿಂಗಳು ನೋಡೋಣ ಎಂದು ಗೊಣಗಿ, ಚಿತ್ರದ ಪ್ರಿಂಟನ್ನು ಎತ್ತಿಕೊಂಡು ಹೋದ. ತಂಗಿಯ ಕೆಲಸ ಅಲ್ಲಿಗೆ ಉಳಿಯಿತು. ಇಂಥವನ ಹತ್ತಿರ ಗೆಲ್ಲುವುದೂ ಒಂದು ಗೆಲುವೇ ಎಂದು ಟೇಪಮ್ಮ ತಿರುಗಿ ಕೂತಳು.

ತಂಗಿ ಇನ್ನೂ ಕಿಟಕಿಯ ಬಳಿಯೇ ಇದ್ದಳು. ನಗಲಿಲ್ಲ.

"ಅಕ್ಕ, ನನ್ನ ಮದುವೆ ಬಟ್ಟೆ ನೀನೇ ಹೊಲಿದೆ. ಅಕ್ಕ ಮೂರು ವಾರ ಕೂತು ಹೊಲಿದ್ಲು ಅಂತ ನಾನು ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದೆ." ಅವಳು ತೋಳನ್ನು ಸವರಿಕೊಂಡಳು. "ಆಗ್ಲೂ ಇದನ್ನೇ ಯೋಚ್ನೆ ಮಾಡ್ತಿದ್ಯಾ? ಎಲ್ಲೆಲ್ಲಿ ಬಚ್ಚಿಡಬೇಕು ಅಂತ?"

ಜಗತ್ತಿನ ಎಲ್ಲರ ಬಗ್ಗೆಯೂ ನಾಲಿಗೆಯ ತುದಿಯಲ್ಲಿ ಮಾತಿಟ್ಟುಕೊಂಡಿದ್ದವಳು ಕೀಲಿಮಣೆಯನ್ನು ಸರಿಸಿ ತಂಗಿಯ ಕಡೆ ತಿರುಗಿದಳು. ಸುಳ್ಳು ಹೇಳಿದ್ದರೆ ತಂಗಿ ನಂಬುತ್ತಿದ್ದಳು, ಅದೂ ಅವಳಿಗೆ ಗೊತ್ತಿತ್ತು.

"ಹೂಂ," ಎಂದಳು.

ತಂಗಿ ತಲೆಯಾಡಿಸಿದಳು, ಬಟ್ಟೆ ಬದಲಿಸಲು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.