ಎರಡು ಸಲ ಎಣಿಸಿದ ಎರಡು ಲಕ್ಷ

೧೯೭೩ರಲ್ಲಿ ವಿಕ್ರೋಳಿಯ ಒಂದು ಪಂಪು ಕಾರ್ಖಾನೆಯ ಆಫೀಸಿನಲ್ಲಿ ನನ್ನ ಕೆಲಸ ದಿನಕ್ಕೊಂದು ಹಾಳೆ. ಕಂಪನಿಗೆ ಮೂರು ಬ್ಯಾಂಕುಗಳಲ್ಲಿ ಖಾತೆ: ಪೇಟೆ ಕಡೆಯ ಫೋರ್ಟಿನಲ್ಲಿ ದೊಡ್ಡದು, ವಿಕ್ರೋಳಿಯಲ್ಲಿ ಸಂಬಳದ್ದು, ಮಾಟುಂಗದಲ್ಲಿ ಸಣ್ಣದು. ಬೆಳಿಗ್ಗೆ ಹತ್ತಕ್ಕೆ ಮೂರೂ ಕಡೆ ಫೋನು ಮಾಡಿ ಬಾಕಿ ಬರೆದುಕೊಳ್ಳುತ್ತಿದ್ದೆ. ನಾವು ಕೊಟ್ಟಿದ್ದರೂ ಬ್ಯಾಂಕಿಗೆ ಇನ್ನೂ ಬಾರದ ಚೆಕ್ಕುಗಳನ್ನು ಕಳೆದು, ಕೊನೆಯ ಸಾಲಿನಲ್ಲಿ ಒಂದು ಮೊತ್ತ ಬರೆದು ಟ್ರೆಜರರ್ ಅಣವೀರಪ್ಪನವರ ಮೇಜಿಗೆ ಒಯ್ಯುತ್ತಿದ್ದೆ. ಅವರು ಆ ಕೊನೆಯ ಸಾಲನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ದೊಡ್ಡವರಿಗೆ ಪುರುಸೊತ್ತು ಕಮ್ಮಿ, ನಾವು ಚಿಕ್ಕವರು ಹಾಗೆಂದು ನಂಬಬೇಕು.

ಚೆಕ್ಕು ಬರೆಯುವವರು ಅವರೇ. ಬರೆದ ಪ್ರತಿ ಚೆಕ್ಕಿಗೂ ಒಂದು ಚೀಟಿ ಹರಿದು ನನ್ನ ಮೇಜಿನ ಮೊಳೆಗೆ ಚುಚ್ಚಬೇಕು, ಅದು ಪದ್ಧತಿ. ಚೀಟಿ ಇಲ್ಲದಿದ್ದರೆ ನನ್ನ ಪಾಲಿಗೆ ಆ ಚೆಕ್ಕು ಹುಟ್ಟಿಯೇ ಇಲ್ಲ.

ಆಗ ನಾನು ಪ್ರೊಬೇಷನ್ನಿನಲ್ಲಿದ್ದೆ. ಆ ತಿಂಗಳು ಕಾಯಂ ಆಗಬೇಕಿತ್ತು, ಫಾರ್ಮು ಅಣವೀರಪ್ಪನವರ ಡ್ರಾವರಿನಲ್ಲಿತ್ತು. ಸಯನ್ನಿನ ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಆರನೇ ತಾರೀಖು ಫೋರ್ಟ್ ಬಾಕಿ ಎರಡು ಲಕ್ಷ ಅರವತ್ತು ಸಾವಿರ, ವಿಕ್ರೋಳಿ ಎರಡು ಎಪ್ಪತ್ತೈದು, ಮಾಟುಂಗ ನಲವತ್ತು ಸಾವಿರ. ಮೊಳೆಯಲ್ಲಿ ಒಂದೂ ಚೀಟಿ ಇರಲಿಲ್ಲ. ಒಟ್ಟು ಐದು ಲಕ್ಷ ಎಪ್ಪತ್ತೈದು ಸಾವಿರ ಎಂದು ಬರೆದು ಕೊಟ್ಟೆ. ಮರುದಿನ ಎಂಟುನೂರು ಜನರ ಸಂಬಳಕ್ಕೆ ಎರಡು ಮೂವತ್ತು ಹೋದರೂ ಕೈತುಂಬ ಉಳಿಯುತ್ತದೆ ಎಂದುಕೊಂಡು ಅಣವೀರಪ್ಪನವರು ಉಕ್ಕಿನ ವ್ಯಾಪಾರಿಗೆ ಫೋರ್ಟ್ ಖಾತೆಯಿಂದ ಎರಡು ನಲವತ್ತರ ಚೆಕ್ಕು ಬರೆದರು. ವ್ಯಾಪಾರಿಯ ಮನುಷ್ಯ ಅದನ್ನು ಜೇಬಿಗಿಟ್ಟುಕೊಂಡು ಲೋಕಲ್ ರೈಲು ಹತ್ತಿದ.

ಹನ್ನೊಂದಕ್ಕೆ ಜವಾನ ದೂಜ ಹಿಂದಿನ ದಿನ ಹಣ ತುಂಬಿದ ರಸೀದಿಯನ್ನು ತಂದು ಕೊಟ್ಟ. ಜೇಬಿನಲ್ಲೇ ಮರೆತಿದ್ದನಂತೆ. ನಮ್ಮದೇ ಫೋರ್ಟ್ ಖಾತೆಯ ಎರಡು ಲಕ್ಷದ ಚೆಕ್ಕು, ಸಂಬಳಕ್ಕೆಂದು ವಿಕ್ರೋಳಿ ಖಾತೆಗೆ ಹಾಕಿದ್ದು. ವಿಕ್ರೋಳಿಯವರು ಆಗಲೇ ಜಮಾ ಬರೆದಿದ್ದರು. ಫೋರ್ಟಿಗೆ ಆ ಚೆಕ್ಕು ಬ್ಯಾಂಕುಗಳ ನಡುವಿನ ಕ್ಲಿಯರಿಂಗಿನಲ್ಲಿ ಬರುವುದು ಇವತ್ತು ಮಧ್ಯಾಹ್ನ. ಒಂದೇ ಎರಡು ಲಕ್ಷವನ್ನು ನಾನು ಎರಡೂ ಕಡೆ ಎಣಿಸಿದ್ದೆ.

ವ್ಯಾಪಾರಿಯ ಖಾತೆಯೂ ಅದೇ ಫೋರ್ಟ್ ಶಾಖೆಯಲ್ಲಿ. ಅವನ ಚೆಕ್ಕು ಮೊದಲು ತಲುಪಿದರೆ ನಿಂತ ಕಾಲಲ್ಲೇ ಹಣ ಅವನ ಖಾತೆಗೆ ಹೋಗುತ್ತದೆ. ಉಳಿಯುವ ಇಪ್ಪತ್ತು ಸಾವಿರದ ಮುಂದೆ ನಮ್ಮ ಎರಡು ಲಕ್ಷದ ಚೆಕ್ಕು ಬಂದು ವಾಪಸಾಗುತ್ತದೆ. ಆಮೇಲೆ ನಾಳೆ ಸಂಬಳವಿಲ್ಲ.

ರಸೀದಿ ಹಿಡಿದು ಒಳಗೆ ಹೋದೆ. ಅಣವೀರಪ್ಪನವರು ಅದನ್ನು ಎರಡು ಸಲ ಓದಿದರು. ಆ ಮನುಷ್ಯ ಚೆಕ್ಕನ್ನು ಮೊದಲು ಒಯ್ಯುವುದು ವ್ಯಾಪಾರಿಯ ಆಫೀಸಿಗೆ. ಅಲ್ಲಿಗೆ ಫೋನು ಮಾಡಿ, ಚೆಕ್ಕನ್ನು ಎಂಟು ದಿನ ಇಟ್ಟುಕೊಳ್ಳಿ ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆ ಕೇಳಿದ ಸಂಗತಿ ಸಂಜೆಯೊಳಗೆ ಡೈರೆಕ್ಟರ ಕಿವಿಗೆ ಬೀಳುತ್ತದೆ, ಯಾರ ತಪ್ಪು ಎಂದು ಅವರು ಕೇಳುತ್ತಾರೆ. ಅಣವೀರಪ್ಪನವರು ಫೋನಿನ ಮೇಲೆ ಕೈಯಿಟ್ಟರು, ಎತ್ತಲಿಲ್ಲ.

"ಚೀಟಿ ನಾ ನಿನ್ನ ಟೇಬಲ್ ಮ್ಯಾಲ ಇಟ್ಟಿದ್ನಲ್ಲ, ವಿನೋದಿನಿ," ಎಂದರು ಕೊನೆಗೆ.

ಇಟ್ಟಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನ್ನ ಕಣ್ಣು ತಪ್ಪಿಸಿದ್ದರು. ನನಗೆ ಮೈಯೆಲ್ಲ ಉರಿಯಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ನಾನು ವಾದಕ್ಕೆ ನಿಂತರೆ ಅವರು ಇಳಿಯುವವರಲ್ಲ, ಅಷ್ಟರಲ್ಲಿ ಆ ಮನುಷ್ಯ ಫೋರ್ಟಿನಲ್ಲಿ ಇಳಿದಿರುತ್ತಾನೆ. ಹೊರಗೆ ಶೆಡ್ಡಿನಲ್ಲಿ ಎಂಟುನೂರು ಜನ ಏಳನೇ ತಾರೀಖನ್ನು ನಂಬಿಕೊಂಡು ಕೆಲಸ ಮಾಡುತ್ತಿದ್ದರು.

"ಇಟ್ಟಿರ್ಬಹುದು ಸರ್. ನಾನೇ ನೋಡ್ಲಿಲ್ಲ. ಈಗ ಫೋನ್ ಮಾಡಿ," ಎಂದೆ.

ತಕ್ಷಣ ಫೋನು ಎತ್ತಿದರು. ನಮ್ಮ ಹುಡುಗಿ ಲೆಕ್ಕ ತಪ್ಪಿಸಿದ್ದಾಳೆ, ಹೊಸಬಳು ಎಂದು ಹಿಂದಿಯಲ್ಲಿ ವಿವರಿಸಿದರು. ದನಿ ಎಷ್ಟು ಸಲೀಸಾಗಿತ್ತೆಂದರೆ ನನಗೇ ಒಂದು ಗಳಿಗೆ ನಿಜವೆನಿಸಿತು. ಮಧ್ಯಾಹ್ನ ನಮ್ಮ ಎರಡು ಲಕ್ಷದ ಚೆಕ್ಕು ಫೋರ್ಟಿನಲ್ಲಿ ಸರಿಯಾಗಿ ಪಾಸಾಯಿತು. ಏಳರಂದು ಸಂಬಳ ಬಟವಾಡೆಯಾಯಿತು, ಯಾರಿಗೂ ಏನೂ ಗೊತ್ತಾಗಲಿಲ್ಲ.

ಎಂಟರಂದು ಹಾಳೆ ಒಯ್ದಾಗ ಅಣವೀರಪ್ಪನವರು ಮೊದಲ ಸಾರಿ ಅದನ್ನು ಮೇಲಿನಿಂದ ಓದತೊಡಗಿದರು. ಅರ್ಧಕ್ಕೆ ನಿಲ್ಲಿಸಿ ಬಾಗಿಲ ಕಡೆ ನೋಡಿದರು.

"ಚೀಟಿ ನನ್ನ ಕಿಸೇದಾಗ ಇತ್ತವಾ. ನಿನ್ನೆ ರಾತ್ರಿ ಮನ್ಯಾಗ ಸಿಕ್ತು. ತಪ್ಪು ನಂದ."

ಮನಸ್ಸು ಹಗುರಾಯಿತು, ಸುಳ್ಳು ಹೇಳಲಾರೆ. ಹಾಗಾದರೆ ನನ್ನ ಫಾರ್ಮಿನಲ್ಲಿ ಅದನ್ನು ಬರೆಯುತ್ತೀರಲ್ಲ ಎಂದು ಕೇಳಿದೆ.

ಅವರು ಪೆನ್ನಿನ ಮುಚ್ಚಳ ತಿರುಗಿಸಿದರು. ಫಾರ್ಮನ್ನು ಆರರ ಸಂಜೆಯೇ ಮೇಲಕ್ಕೆ ಕಳಿಸಿಯಾಗಿತ್ತು. ಅಜಾಗರೂಕತೆ, ಪ್ರೊಬೇಷನ್ ಇನ್ನೂ ಆರು ತಿಂಗಳು ಎಂದು ಬರೆದಿದ್ದರಂತೆ. ವಾಪಸು ತರಿಸಲು ಬರುತ್ತದೆಯೇ ಎಂದೆ.

"ತರಸಬೇಕಂದ್ರ ಕಾರಣ ಕೊಡಬೇಕಾಗ್ತದ," ಎಂದು ಹೇಳಿ ಅವರು ಹಾಳೆಯ ಕೊನೆಯ ಸಾಲಿನ ಕೆಳಗೆ ಸಹಿ ಹಾಕಿದರು.